ವಾರ್ತೆಗೆ ಬೇಸ್ ಯಾಕೆ?

ಯಲಹಂಕದಿಂದ ಬಳ್ಳಾರಿ ರಸ್ತೆ ಹಿಡಿದು ಹೆಬ್ಬಾಳದ ಕಡೆ ಬರುವ ಬಸ್ಸುಗಳಲ್ಲಿ ಬೆಳಗಿನ ಹೊತ್ತು ಕೂತವರ ಪೈಕಿ ಬಹಳಷ್ಟು ಮಂದಿಯ ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ. ಹಾಡು ಕೇಳುವವರಿಗೆ ಅಂಥ ತೊಂದರೆಯೇನಿಲ್ಲ. ಒಂದು ಸಾಲು ತಪ್ಪಿದರೂ ರಾಗ ಕೈಬಿಡುವುದಿಲ್ಲ. ಕಷ್ಟವೆಲ್ಲ ಮಾತು ಕೇಳುವವರದು. ಆಕಾಶವಾಣಿಯ ಪ್ರದೇಶ ಸಮಾಚಾರವೋ, ಯಾರದೋ ಉಪನ್ಯಾಸವೋ, ತಾಳಮದ್ದಳೆಯೋ, ಪರೀಕ್ಷೆಗೆ ಕೇಳುತ್ತಿರುವ ಪಾಠವೋ, ಏನೇ ಇರಲಿ, ಬಸ್ಸು ವೇಗ ಹಿಡಿದಾಗಲೆಲ್ಲ ಬೆರಳು ವಾಲ್ಯೂಮ್ ಗುಂಡಿಗೆ ಹೋಗುತ್ತದೆ. ಸದ್ದು ದೊಡ್ಡದಾಗುತ್ತದೆ, ಮಾತು ಮಾತ್ರ ಮಂಕಾಗಿಯೇ ಉಳಿಯುತ್ತದೆ. ಆರ್.ಟಿ. ನಗರದ ಮನೆಯ ಹಾಲಿನಲ್ಲಿ ಧಾರಾವಾಹಿ ನೋಡುವ ಹಿರಿಯರ ದೂರೂ ಇದೇ: "ಕೇಳ್ಸುತ್ತೆ ಕಣಪ್ಪ, ಏನಂತಾರೆ ಅನ್ನೋದೇ ತಿಳಿಯಲ್ಲ."

ಇದಕ್ಕೆ ಮದ್ದು ಎಂಬಂತೆ ಫೋನಿನಲ್ಲೂ ಟೀವಿಯಲ್ಲೂ ಎರಡು ಸೌಲಭ್ಯಗಳಿವೆ. ಒಂದು ಈಕ್ವಲೈಸರ್, ಇನ್ನೊಂದು ಸ್ಪೇಷಿಯಲ್ ಆಡಿಯೋ ಅಥವಾ 3ಡಿ ಸರೌಂಡ್ ಎಂದು ಕರೆಸಿಕೊಳ್ಳುವ ಸ್ವಿಚ್ಚು. ಮೊದಲನೆಯದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಆದರೆ ಅಂಗಡಿಯವನು ತೋರಿಸಿಕೊಟ್ಟದ್ದಕ್ಕೆ ತದ್ವಿರುದ್ಧವಾಗಿ ಬಳಸಿದಾಗ ಮಾತ್ರ. ಎರಡನೆಯದನ್ನು ಒಬ್ಬರೇ ಮಾತನಾಡುವ ಕಾರ್ಯಕ್ರಮಕ್ಕೆ ಹಾಕಿದರೆ ಒಂದೋ ಏನೂ ಆಗುವುದಿಲ್ಲ, ಇಲ್ಲವೇ ಇದ್ದ ಸ್ಪಷ್ಟತೆಯೂ ಹೋಗುತ್ತದೆ. ಯಾಕೆ ಹೀಗೆ ಎಂದು ತಿಳಿಯಲು ಮೊದಲು ಮಾತಿನ ಅರ್ಥ ಧ್ವನಿಯ ಯಾವ ಭಾಗದಲ್ಲಿದೆ ಎಂಬುದನ್ನು ನೋಡಬೇಕು.

ಹಾಲೋ ಹಾಳೋ

ಗಂಡಸಿನ ದನಿಯ ಮೂಲ ಕಂಪನ ಸೆಕೆಂಡಿಗೆ ಸುಮಾರು ನೂರು, ನೂರೈವತ್ತು ಸಲ. ಹೆಂಗಸಿನದು ಇನ್ನೂರರ ಆಸುಪಾಸು. ದನಿಗೆ ತೂಕ, ಗಾಂಭೀರ್ಯ ಬರುವುದು ಇಲ್ಲಿಂದ. ಆದರೆ ಏನು ಹೇಳಿದರು ಎಂಬುದಕ್ಕೆ ಈ ತಳಭಾಗದ ಕೊಡುಗೆ ತೀರಾ ಕಡಿಮೆ. ಹಳೆಯ ಲ್ಯಾಂಡ್‌ಲೈನ್ ಫೋನ್ 300ರಿಂದ 3,400 ಹರ್ಟ್ಜ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿತ್ತು. ಅಂದರೆ ಮಾತನಾಡುವವರ ಮೂಲ ಕಂಪನ ತಂತಿಯಲ್ಲಿ ಬರುತ್ತಲೇ ಇರಲಿಲ್ಲ. ಅದರ ಮೇಲಿನ ಗುಣಕಗಳಿಂದ ನಮ್ಮ ಕಿವಿಯೇ ಅದನ್ನು ಊಹಿಸಿಕೊಂಡು, ಆಚೆ ಇರುವುದು ಮಾವನೋ ಅತ್ತೆಯೋ ಎಂದು ಗುರುತು ಹಿಡಿಯುತ್ತಿತ್ತು.

ಸ್ವರಗಳ ಬಲ ಹೆಚ್ಚಾಗಿ 300ರಿಂದ 2,500 ಹರ್ಟ್ಜ್‌ವರೆಗೆ ಹರಡಿರುತ್ತದೆ. ಅವು ಜೋರು, ಉದ್ದ, ಸುಲಭಕ್ಕೆ ಕಳೆದುಹೋಗುವುದಿಲ್ಲ. ವ್ಯಂಜನಗಳ ಸ್ಥಿತಿ ಬೇರೆ. ಅವು ಕ್ಷಣಮಾತ್ರದವು, ಬಲ ಕಡಿಮೆ, ಗುರುತೆಲ್ಲ ಮೇಲ್ಭಾಗದಲ್ಲಿ. ಕನ್ನಡದಲ್ಲಂತೂ ಒಂದು ಗೀಟಿನಷ್ಟು ವ್ಯತ್ಯಾಸದ ಮೇಲೆ ಬೇಕಾದಷ್ಟು ಪದಗಳು ನಿಂತಿವೆ: ಹಾಲು, ಹಾಳು, ಮನೆ, ಮಣೆ, ಕತ್ತು, ಕಟ್ಟು, ಹುಲಿ, ಹುಳಿ. ನಾಲಿಗೆಯ ತುದಿ ಹಲ್ಲಿನ ಹಿಂದೆ ನಿಂತರೆ ಒಂದು, ಮೇಲಕ್ಕೆ ಮಡಚಿದರೆ ಇನ್ನೊಂದು. ಹಾಗೆ ಮಡಚಿದಾಗ ಬಾಯೊಳಗಿನ ಮೂರನೆಯ ಅನುರಣನ ಕೆಳಗಿಳಿಯುತ್ತದೆ, ಮತ್ತು ಈ ಇಳಿತ ನಡೆಯುವುದು ಹೆಚ್ಚುಕಡಿಮೆ 2,000ದಿಂದ 3,000 ಹರ್ಟ್ಜ್ ನಡುವೆ. ಆ ಜಾಗ ಗದ್ದಲದಲ್ಲಿ ಮುಚ್ಚಿಹೋದರೆ ಹಾಲಿಗೂ ಹಾಳಿಗೂ ಭೇದ ಉಳಿಯುವುದಿಲ್ಲ. ಉಳಿದದ್ದನ್ನು ವಾಕ್ಯದ ಸಂದರ್ಭದಿಂದ ತುಂಬಿಕೊಳ್ಳಬೇಕು. ಶಕಾರದ ಸುಸ್ಕಾರ ಇದಕ್ಕಿಂತ ತುಸು ಮೇಲೆ, ಸಕಾರದ್ದು ಇನ್ನೂ ಮೇಲೆ, 4,000 ಹರ್ಟ್ಜ್ ದಾಟಿದ ಮೇಲೆ.

ಮಾತಿನ ಗ್ರಹಿಕೆಯನ್ನು ಲೆಕ್ಕ ಹಾಕಲು ಅಮೆರಿಕದಲ್ಲಿ ಎಎನ್‌ಎಸ್‌ಐ ಎಸ್3.5 ಎಂಬ ಮಾನದಂಡವಿದೆ, 1997ರಲ್ಲಿ ಪರಿಷ್ಕೃತವಾದದ್ದು. ಪ್ರತಿ ಧ್ವನಿಪಟ್ಟಿಗೂ ಅದು ಒಂದು ತೂಕ ಕೊಡುತ್ತದೆ. 1,000, 2,000 ಮತ್ತು 4,000 ಹರ್ಟ್ಜ್ ಸುತ್ತಲಿನ ಮೂರು ಪಟ್ಟಿಗಳಿಗೇ ಒಟ್ಟು ಮಹತ್ವದ ನೂರಕ್ಕೆ ಸುಮಾರು ಎಪ್ಪತ್ತು ಪಾಲು. 250 ಹರ್ಟ್ಜ್ ಪಟ್ಟಿಗೆ ನೂರಕ್ಕೆ ಆರರಷ್ಟು. ಅದಕ್ಕೂ ಕೆಳಗೆ, ಬೇಸ್ ಎಂದು ಜಾಹೀರಾತಿನಲ್ಲಿ ಮೆರೆಯುವ ಭಾಗಕ್ಕೆ, ತೂಕವೇ ಇಲ್ಲ. ಈ ಕೋಷ್ಟಕ ಇಂಗ್ಲಿಷ್ ಮಾತಿನ ಮೇಲೆ ರೂಪುಗೊಂಡದ್ದು, ಕನ್ನಡಕ್ಕೆ ಅಂಕಿಗಳು ಅತ್ತಿತ್ತ ಸರಿಯಬಹುದು. ಆದರೆ ಬಾಯಿಯ ರಚನೆಯೂ ಒಳಕಿವಿಯ ರಚನೆಯೂ ಎಲ್ಲರದೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಚಿತ್ರ ತಲೆಕೆಳಗಾಗುವುದಿಲ್ಲ.

ಇದಕ್ಕೆ ನಮ್ಮೂರಲ್ಲೇ ಹಳೆಯ ಸಾಕ್ಷಿಯಿದೆ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ 612 ಕಿಲೋಹರ್ಟ್ಜ್ ಕೇಂದ್ರ ನೆನಪಿದೆಯಲ್ಲ? ಮಧ್ಯಮ ತರಂಗದಲ್ಲಿ ಕೇಂದ್ರದಿಂದ ಕೇಂದ್ರಕ್ಕೆ ಬಿಡುವ ಅಂತರ 9 ಕಿಲೋಹರ್ಟ್ಜ್. ಪಕ್ಕದ ಕೇಂದ್ರಕ್ಕೆ ಅಡ್ಡಬರದ ಹಾಗೆ ಒಳಗೆ ಹಿಡಿಸುವ ಧ್ವನಿ ಸುಮಾರು 4,500 ಹರ್ಟ್ಜ್‌ವರೆಗೆ ಮಾತ್ರ. ಅದರಲ್ಲಿ ಹಾಡು ಸಪ್ಪೆ ಅನ್ನಿಸುತ್ತಿತ್ತು, ನಿಜ. ಆದರೆ ವಾರ್ತೆಯ ಒಂದಕ್ಷರವೂ ತಪ್ಪುತ್ತಿರಲಿಲ್ಲ. ಅಂಗೈಯಗಲದ ಸ್ಪೀಕರಿನ ಆ ಟ್ರಾನ್ಸಿಸ್ಟರಿಗೆ ಬೇಸ್ ಹೊರಡಿಸುವ ಶಕ್ತಿಯೇ ಇರಲಿಲ್ಲ ಎಂಬುದು ಮಾತಿನ ಮಟ್ಟಿಗೆ ವರವೇ ಆಗಿತ್ತು.

ಬಸ್ಸು ಎಲ್ಲಿ ಅಡ್ಡ ಬರುತ್ತದೆ

ಬಸ್ಸಿನ ಎಂಜಿನ್ನು, ಟೈರು, ಅಲುಗಾಡುವ ಕಿಟಕಿ, ಪಕ್ಕದ ಲಾರಿ, ಇವೆಲ್ಲದರ ಸದ್ದಿನ ಬಹುಪಾಲು 500 ಹರ್ಟ್ಜ್‌ನ ಕೆಳಗಿನದು. ಮಾತಿನ ಗುರುತುಗಳು ಅದಕ್ಕಿಂತ ಮೇಲಿರುವಾಗ ಇದು ಅಡ್ಡಬರಬಾರದು ಅನ್ನಿಸುತ್ತದೆ. ಆದರೆ ಒಳಕಿವಿ ಹಾಗೆ ಕೆಲಸ ಮಾಡುವುದಿಲ್ಲ. ಶಂಖದಂಥ ಕಾಕ್ಲಿಯಾದೊಳಗೆ ಪ್ರತಿ ಅಲೆಯೂ ಹೆಚ್ಚು ಕಂಪನದ ತುದಿಯಿಂದ ಒಳಹೊಕ್ಕು ತನ್ನ ಜಾಗಕ್ಕೆ ಸಾಗುತ್ತದೆ. ಕಡಿಮೆ ಕಂಪನದ ಜೋರಾದ ಅಲೆ ತನ್ನ ಜಾಗ ಮುಟ್ಟುವ ಮೊದಲು ಹೆಚ್ಚು ಕಂಪನದ ಜಾಗಗಳನ್ನೆಲ್ಲ ಅಲ್ಲಾಡಿಸಿಕೊಂಡೇ ಹೋಗುತ್ತದೆ. ಹಾಗಾಗಿ ಗುಡುಗುಡು ಸದ್ದು ಸಕಾರವನ್ನು ಮುಚ್ಚಬಲ್ಲದು, ಸಕಾರ ಗುಡುಗುಡುವನ್ನು ಮುಚ್ಚಲಾರದು. ಸದ್ದು ಹೆಚ್ಚಾದಷ್ಟೂ ಈ ಮರೆ ಮೇಲಮೇಲಕ್ಕೆ ಹಬ್ಬುತ್ತದೆ.

ಇಯರ್‌ಫೋನಿನಲ್ಲಿ ಬೇಸ್ ಬೂಸ್ಟ್ ಹಾಕಿಕೊಂಡು ವಾರ್ತೆ ಕೇಳುವವರು ಹೊರಗಿನ ಬಸ್ಸಿನ ಜೊತೆಗೆ ಒಳಗೂ ಒಂದು ಬಸ್ಸು ಓಡಿಸುತ್ತಿರುತ್ತಾರೆ. ವಾಲ್ಯೂಮ್ ಏರಿಸಿದಾಗ ಉಬ್ಬಿದ ತಳವೂ ಜೊತೆಗೇ ಏರುತ್ತದೆ, ವಾರ್ತೆಯವರ ಎದೆದನಿ ಅವರದೇ ವ್ಯಂಜನಗಳನ್ನು ಮುಚ್ಚುತ್ತದೆ. ಅಗ್ಗದ ಇಯರ್‌ಫೋನುಗಳಲ್ಲಿ ಅನೇಕವು ಪೆಟ್ಟಿಗೆಯಿಂದ ಹೊರಬರುವಾಗಲೇ ತಳ ಉಬ್ಬಿಸಿಕೊಂಡಿರುತ್ತವೆ, ಮಾರಾಟವಾಗುವುದೇ ಅದರಿಂದ. ಆದ್ದರಿಂದ ಮಾತಿಗೆ ಬೇಕಾದ ಮೊದಲ ಕೆಲಸ ಏರಿಸುವುದಲ್ಲ, ಇಳಿಸುವುದು.

ಐದು ಪಟ್ಟಿ

ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಸಿಗುವ ಈಕ್ವಲೈಸರಿನಲ್ಲಿ ಐದು ಜಾರುಗುಂಡಿಗಳಿರುತ್ತವೆ: 60, 230, 910, 3,600 ಮತ್ತು 14,000 ಹರ್ಟ್ಜ್. ತೆರೆಯ ಮೇಲೆ 60 Hz, 230 Hz, 910 Hz, 3.6 kHz, 14 kHz ಎಂದು ಕಾಣುತ್ತವೆ. ಒಂದೊಂದು ಗುಂಡಿಯೂ ಒಂದು ಚುಕ್ಕೆಯನ್ನಲ್ಲ, ಅಗಲವಾದ ಪ್ರದೇಶವನ್ನೇ ಎಳೆಯುತ್ತದೆ. 3,600ರ ಗುಂಡಿಯ ಹಿಡಿತದಲ್ಲಿ 1,800ರಿಂದ 7,000ದವರೆಗಿನ ಭಾಗವೆಲ್ಲ ಇದೆ. ಕನ್ನಡದ ಬಹುತೇಕ ವ್ಯಂಜನಗಳ ಗುರುತು ಅದೊಂದರ ಕೆಳಗೇ ಬಂತು.

ಬಸ್ಸಿನಲ್ಲಿ ವಾರ್ತೆ ಕೇಳಲು ನಾನು ಶುರುಮಾಡುವುದು ಹೀಗೆ. 60ನ್ನು 9 ಡೆಸಿಬೆಲ್ ಇಳಿಸುವುದು. 230ನ್ನು 4 ಇಳಿಸುವುದು. 910ನ್ನು ಸೊನ್ನೆಯಲ್ಲೇ ಬಿಡುವುದು. 3,600ನ್ನು 3 ಏರಿಸುವುದು, 14,000ವನ್ನು 2 ಇಳಿಸುವುದು. ಆಮೇಲೆ ವಾಲ್ಯೂಮನ್ನು ಒಂದೆರಡು ಮೆಟ್ಟಿಲು ಹೆಚ್ಚಿಸುವುದು. ಈಗ ವ್ಯಂಜನಗಳ ಪ್ರದೇಶಕ್ಕೂ ತಳಕ್ಕೂ ನಡುವೆ ಮೊದಲಿಗಿಂತ 12 ಡೆಸಿಬೆಲ್ ಅಂತರ ಸಿಕ್ಕಿತು. ಅದರಲ್ಲಿ ಏರಿಸಿದ್ದರಿಂದ ಬಂದದ್ದು ಮೂರೇ, ಮಿಕ್ಕ ಒಂಬತ್ತು ಇಳಿಸಿದ್ದರಿಂದ.

ಇಷ್ಟು ಜಿಪುಣತನ ಯಾಕೆ, 3,600ನ್ನೇ ಹನ್ನೆರಡು ಏರಿಸಿದರೆ ಆಗದೇ ಎಂದು ಕೇಳಬಹುದು. ಡಿಜಿಟಲ್ ಧ್ವನಿಗೆ ಒಂದು ಗಟ್ಟಿ ಛಾವಣಿಯಿದೆ. 6 ಡೆಸಿಬೆಲ್ ಏರಿಸುವುದೆಂದರೆ ಅಲೆಯ ಎತ್ತರವನ್ನು ಎರಡರಷ್ಟು ಮಾಡಿದಂತೆ. ಆಗಲೇ ಛಾವಣಿಯ ಅರ್ಧ ಎತ್ತರಕ್ಕಿದ್ದ ಅಲೆ ಈಗ ಛಾವಣಿ ಮುಟ್ಟುತ್ತದೆ, ಅದಕ್ಕಿಂತ ಎತ್ತರದ್ದರ ತಲೆ ಕತ್ತರಿಸಿಹೋಗುತ್ತದೆ. ಪ್ರಸಾರಕ್ಕೆ ಸಿದ್ಧಪಡಿಸಿದ ಧ್ವನಿಯನ್ನು ಮೊದಲೇ ಛಾವಣಿಯ ಹತ್ತಿರಕ್ಕೆ ತಂದಿರುತ್ತಾರೆ. ಅಲೆಯ ತಲೆ ಕತ್ತರಿಸಿದಲ್ಲೆಲ್ಲ ಮೂಲದಲ್ಲಿಲ್ಲದ ಹೊಸ ಕಂಪನಗಳು ಹುಟ್ಟುತ್ತವೆ, ಸಕಾರ ಬಂದಾಗಲೆಲ್ಲ ಚರಚರ ಅನ್ನುತ್ತದೆ. ಕೆಲವು ಫೋನುಗಳು ಇದನ್ನು ತಪ್ಪಿಸಲು ತಾವೇ ಒಟ್ಟು ಮಟ್ಟವನ್ನು ಕ್ಷಣಕ್ಷಣಕ್ಕೆ ತಗ್ಗಿಸಿ ಹೆಚ್ಚಿಸುತ್ತವೆ. ಆಗ ದನಿ ಉಸಿರಾಡುವ ಹಾಗೆ ಹಿಗ್ಗಿ ಕುಗ್ಗುವುದು ಗೊತ್ತಾಗುತ್ತದೆ. ಎರಡರಲ್ಲಿ ಯಾವುದು ಕೇಳಿದರೂ ಏರಿಸಿದ್ದು ಅತಿಯಾಯಿತೆಂದೇ ತಿಳಿಯಬೇಕು.

ಮೇಲಿನ ಅಂಕಿಗಳು ಆರಂಭಕ್ಕೆ ಮಾತ್ರ. ಮಾತನಾಡುವವರ ದನಿ ಮೊದಲೇ ತೆಳುವಾಗಿದ್ದರೆ 230ನ್ನು ಸೊನ್ನೆಗೆ ತನ್ನಿ, ಇಲ್ಲವಾದರೆ ಡಬ್ಬದೊಳಗಿನ ಮಾತಿನಂತಾಗುತ್ತದೆ. ಸಭಾಂಗಣದಲ್ಲಿ ದೂರದ ಮೈಕಿನಿಂದ ಹಿಡಿದ ಉಪನ್ಯಾಸವಾದರೆ 910ನ್ನೂ ಒಂದೆರಡು ಇಳಿಸಬಹುದು. ಹತ್ತು ಪಟ್ಟಿಯ ಈಕ್ವಲೈಸರ್ ಇದ್ದವರಿಗೆ ಕೆಲಸ ಇನ್ನೂ ಹದವಾಗಿ ಸಿದ್ಧಿಸುತ್ತದೆ: 2,000 ಮತ್ತು 4,000ವನ್ನು ಎತ್ತಿ, ಸಕಾರ ಚುಚ್ಚತೊಡಗಿದರೆ 8,000ವನ್ನು ಮಾತ್ರ ತುಸು ಒತ್ತಬಹುದು. ಐದು ಪಟ್ಟಿಯಲ್ಲಿ ಆ ಆಯ್ಕೆಯಿಲ್ಲ. ಅಲ್ಲಿ ಸಕಾರ ಚುಚ್ಚಿದರೆ 3,600ರ ಏರಿಕೆಯನ್ನೇ ಕಡಿಮೆ ಮಾಡಬೇಕು. ಐಫೋನಿನ ಸಂಗೀತ ಆ್ಯಪಿನ ಈಕ್ವಲೈಸರಿನಲ್ಲಿ Spoken Word ಎಂಬ ಸಿದ್ಧ ಆಯ್ಕೆಯಿದೆ. ಅದು ಆ ಆ್ಯಪಿನ ಧ್ವನಿಗೆ ಅನ್ವಯಿಸುತ್ತದೆ, ಬೇರೆ ಕಡೆ ಕೇಳುವ ಮಾತಿಗಲ್ಲ. ಎಷ್ಟೋ ಜನ ಅದನ್ನು ಹಾಕಿಟ್ಟು ಏನೂ ಬದಲಾಗಲಿಲ್ಲ ಅನ್ನುವುದು ಇದಕ್ಕೇ.

ಸರಿಯಾಯಿತೋ ಇಲ್ಲವೋ ನೋಡುವುದು ಹೇಗೆ? ಮನೆಯಲ್ಲಿ ಕೂತು ಪರೀಕ್ಷಿಸಿ ಪ್ರಯೋಜನವಿಲ್ಲ. ಗದ್ದಲವಿಲ್ಲದ ಕೋಣೆಯಲ್ಲಿ ಮೇಲಿನ ಹೊಂದಾಣಿಕೆ ತೆಳುವಾಗಿ, ಒರಟಾಗಿ ಕೇಳುತ್ತದೆ, ಅದು ಸಹಜ. ಬಸ್ಸಿನಲ್ಲೇ ಪರೀಕ್ಷಿಸಬೇಕು, ಅದೂ ಮೊದಲು ಕೇಳಿಲ್ಲದ ಮಾತಿನ ಮೇಲೆ. ಪರಿಚಿತ ವಾಕ್ಯವನ್ನು ಮಿದುಳು ತಾನೇ ಪೂರ್ತಿ ಮಾಡಿಕೊಂಡು ನಮ್ಮನ್ನು ನಂಬಿಸುತ್ತದೆ. ಸಂದರ್ಭದ ಸಹಾಯ ಸಿಗದಂಥ ಮಾತೇ ಒಳ್ಳೆಯ ಪರೀಕ್ಷೆ: ಮಾರುಕಟ್ಟೆ ಧಾರಣೆ, ಮಳೆಯ ಪ್ರಮಾಣ, ಊರುಗಳ ಹೆಸರು. ಎಂಬತ್ತು ಎಂದರೋ ತೊಂಬತ್ತು ಎಂದರೋ, ಎಪ್ಪತ್ತೋ ಇಪ್ಪತ್ತೋ ಎಂಬುದು ತಪ್ಪದೆ ಸಿಕ್ಕಿದರೆ ಹೊಂದಾಣಿಕೆ ಹಿಡಿಯಿತೆಂದು ಅರ್ಥ. ಹೋಲಿಸುವಾಗ ಎರಡೂ ಒಂದೇ ಜೋರಿನಲ್ಲಿರಬೇಕು. ತುಸು ಜೋರಾದದ್ದು ಯಾವಾಗಲೂ ಉತ್ತಮ ಅನ್ನಿಸುವುದು ಕಿವಿಯ ಹಳೆಯ ದೌರ್ಬಲ್ಯ, ಅದನ್ನು ಬಂಡವಾಳ ಮಾಡಿಕೊಂಡ ಆ್ಯಪುಗಳು ಬೇಕಾದಷ್ಟಿವೆ.

ಗದ್ದಲ ತಗ್ಗಿಸುವ ಸೌಲಭ್ಯವುಳ್ಳ ಇಯರ್‌ಫೋನಿನಲ್ಲಿ ಲೆಕ್ಕ ಬೇರೆ. ಆ ವಿದ್ಯೆ ಚೆನ್ನಾಗಿ ಕೆಲಸ ಮಾಡುವುದೇ ಕಡಿಮೆ ಕಂಪನದ, ಒಂದೇ ಸಮನೆ ಬರುವ ಸದ್ದಿನ ಮೇಲೆ, ಅಂದರೆ ಎಂಜಿನ್ನಿನಂಥದರ ಮೇಲೆ. ಬಸ್ಸಿನ ಗುಡುಗುಡುವನ್ನು ಅದೇ ನುಂಗಿಹಾಕಿದರೆ 60ನ್ನು ಮೂರೋ ನಾಲ್ಕೋ ಇಳಿಸಿದರೆ ಸಾಕು, ವಾಲ್ಯೂಮ್ ಏರಿಸುವ ಅಗತ್ಯವೂ ಬಾರದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಸುರಕ್ಷಿತ ಎಂದಿರುವುದು ವಾರಕ್ಕೆ 40 ಗಂಟೆ, 80 ಡೆಸಿಬೆಲ್. ದಿನಾ ಬಸ್ಸಿನ ಗದ್ದಲದ ಮೇಲೆ ಮಾತನ್ನು ಎತ್ತಿ ಕೇಳುವವರು ಈ ಗೆರೆಯನ್ನು ಗೊತ್ತಿಲ್ಲದೆಯೇ ದಾಟಿರುತ್ತಾರೆ.

ಈಕ್ವಲೈಸರಿನಿಂದ ಆಗದ ಕೆಲಸವೂ ಒಂದಿದೆ. ಇಲ್ಲದ್ದನ್ನು ಅದು ತರಲಾರದು. 3,400ಕ್ಕೆ ಕತ್ತರಿಸಿಹೋದ ಫೋನ್ ರೆಕಾರ್ಡಿಂಗಿನಲ್ಲಿ ಸಕಾರದ ಮುಖ್ಯ ಭಾಗವೇ ಇರುವುದಿಲ್ಲ. 14,000ದ ಗುಂಡಿಯನ್ನು ತುದಿಗೇರಿಸಿದರೂ ಮೇಲೆದ್ದು ಬರುವುದು ಬರೀ ಭುಸುಗುಟ್ಟುವಿಕೆ.

ಆರ್.ಟಿ. ನಗರದ ಹಾಲು

ಮನೆಯ ಟೀವಿಯ ತೊಂದರೆ ಬಸ್ಸಿನದಲ್ಲ, ಗೋಡೆಯದು. ಹನ್ನೆರಡಡಿಗೆ ಹದಿನೈದಡಿಯ ಒಂದು ಹಾಲು ತೆಗೆದುಕೊಳ್ಳಿ, ಎತ್ತರ ಹತ್ತಡಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಮೇಲೆ ಆರ್‌ಸಿಸಿ, ಗೋಡೆಗೆ ನುಣ್ಣನೆಯ ಪುಟ್ಟಿ, ಕಿಟಕಿಗೆ ತೆಳುವಾದ ಪರದೆ. ಸದ್ದನ್ನು ಹೀರುವಂಥದ್ದು ಎಂದರೆ ಒಂದು ಸೋಫಾ. ಇಂಥ ಕೋಣೆಯಲ್ಲಿ ಸದ್ದು ಪೂರ್ತಿ ಅಡಗಲು 0.7 ಸೆಕೆಂಡು ಹಿಡಿಯುತ್ತದೆ ಎಂದಿಟ್ಟುಕೊಂಡರೆ, ಸ್ಪೀಕರಿನಿಂದ ನೇರ ಬರುವ ಧ್ವನಿಯೂ ಗೋಡೆಗಳಿಂದ ಮರಳಿ ಬರುವ ಧ್ವನಿಯೂ ಸಮನಾಗುವ ದೂರವನ್ನು ಒಂದು ಸರಳ ಸೂತ್ರದಿಂದ ಕಂಡುಹಿಡಿಯಬಹುದು. ಹಾಲಿನ ಗಾತ್ರ ಸುಮಾರು 51 ಘನ ಮೀಟರ್. ಅದನ್ನು 0.7ರಿಂದ ಭಾಗಿಸಿ, ವರ್ಗಮೂಲ ತೆಗೆದು, 0.057ರಿಂದ ಗುಣಿಸಿದರೆ ಬರುವುದು ಅರ್ಧ ಮೀಟರಿಗೂ ತುಸು ಕಡಿಮೆ. ಸ್ಪೀಕರ್ ಎದುರಿಗೇ ಮುಖ ಮಾಡಿದ್ದರೆ ಇದು ಒಂದು ಮೀಟರಿನ ಹತ್ತಿರ ಹೋದೀತು. ಈಗಿನ ತೆಳು ಟೀವಿಗಳಲ್ಲಿ ಸ್ಪೀಕರ್ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತದೆ.

ಅಜ್ಜ ಕೂರುವ ಸೋಫಾ ಇರುವುದು ಮೂರು ಮೀಟರ್ ಆಚೆ. ಅಲ್ಲಿಗೆ ತಲುಪುವುದರಲ್ಲಿ ಹೆಚ್ಚಿನದು ಟೀವಿಯ ಮಾತಲ್ಲ, ಟೀವಿಯ ಮಾತಿನ ಪ್ರತಿಧ್ವನಿ. ಒಂದು ಸ್ವರದ ಬಾಲ ಮುಂದಿನ ವ್ಯಂಜನದ ಮೇಲೆ ಬೀಳುತ್ತದೆ. ವಯಸ್ಸಿನ ಜೊತೆ ಶ್ರವಣ ಶಕ್ತಿ ಕುಂದುವುದೂ ಮೇಲಿನ ಕಂಪನಗಳಿಂದಲೇ. ಸ್ವರ ಕೇಳುತ್ತದೆ, ವ್ಯಂಜನ ಕೇಳುವುದಿಲ್ಲ. "ಕೇಳ್ಸುತ್ತೆ, ತಿಳಿಯಲ್ಲ" ಎಂಬುದು ಅಕ್ಷರಶಃ ನಿಜವಾದ ವರದಿ. ಮಗ ಬಂದು ವಾಲ್ಯೂಮ್ ಏರಿಸುತ್ತಾನೆ, ನೇರ ಧ್ವನಿಯ ಜೊತೆಗೆ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ. ಅನುಪಾತ ಇದ್ದಲ್ಲೇ ಇರುತ್ತದೆ, ಪಕ್ಕದ ಮನೆಯವರ ಮುಖ ಮಾತ್ರ ಬದಲಾಗುತ್ತದೆ.

ಟೀವಿಯ ಧ್ವನಿ ಮೆನುವಿನಲ್ಲಿ ಕ್ಲಿಯರ್ ವಾಯ್ಸ್ ಎಂದೋ ಸ್ಪೀಚ್ ಎಂದೋ ಇರುವ ಆಯ್ಕೆ ತಳವನ್ನು ಇಳಿಸಿ ನಡುವನ್ನು ಎತ್ತುತ್ತದೆ, ನಾವು ಐದು ಗುಂಡಿಯಲ್ಲಿ ಮಾಡಿದ್ದನ್ನೇ. ಅದು ಸ್ವಲ್ಪ ಸಹಾಯ. ಅದಕ್ಕಿಂತ ದೊಡ್ಡ ಸಹಾಯ ದೂರ ಕಡಿಮೆ ಮಾಡುವುದು. ಮೂರು ಮೀಟರಿನಿಂದ ಒಂದೂವರೆಗೆ ಬಂದರೆ ನೇರ ಧ್ವನಿ 6 ಡೆಸಿಬೆಲ್ ಹೆಚ್ಚುತ್ತದೆ, ಪ್ರತಿಧ್ವನಿ ಇದ್ದಷ್ಟೇ ಇರುತ್ತದೆ. ಕುರ್ಚಿಯನ್ನು ಮುಂದೆ ಎಳೆಯುವುದು ಆಗದಿದ್ದರೆ ಚಿಕ್ಕ ಬ್ಲೂಟೂತ್ ಸ್ಪೀಕರನ್ನು ಅಜ್ಜನ ಪಕ್ಕದ ಸ್ಟೂಲಿನ ಮೇಲೆ ಇಡಬಹುದು. ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ತಪ್ಪಿದರೆ ಟೀವಿಯ ಎವಿ ಸಿಂಕ್ ಆಯ್ಕೆಯಲ್ಲಿ ಎಷ್ಟರಮಟ್ಟಿಗೆ ಸರಿಹೋಗುತ್ತದೆ ನೋಡಿ. ಇದರಾಚೆಗಿನ ತೊಂದರೆ ಈಕ್ವಲೈಸರಿನದಲ್ಲ. ಶ್ರವಣ ಸಾಧನ ಕೆಲಸ ಮಾಡುವುದು ಮೆಲ್ಲನೆಯ ಸದ್ದನ್ನು ಹೆಚ್ಚು, ಜೋರಾದದ್ದನ್ನು ಕಡಿಮೆ ಏರಿಸುವ ಕ್ರಮದಲ್ಲಿ. ಜಾರುಗುಂಡಿಗೆ ಆ ವಿವೇಕವಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕನ್ನಡದ್ದೇ ಪದಪಟ್ಟಿಗಳಿಂದ ಕಿವಿಯನ್ನು ಪರೀಕ್ಷಿಸುತ್ತಾರೆ, ಯಾವ ಪಟ್ಟಿಯಲ್ಲಿ ಎಷ್ಟು ಹೋಗಿದೆ ಎಂದು ಹೇಳುತ್ತಾರೆ.

ಸುತ್ತ ಕೇಳಿಸುವ ಮಾಯೆ

ಈಗ ಇನ್ನೊಂದು ಸ್ವಿಚ್ಚಿಗೆ ಬರೋಣ. ಸ್ಪೇಷಿಯಲ್, ಸರೌಂಡ್, 3ಡಿ, ವೈಡ್ ಎಂಬ ಹೆಸರುಗಳ ಹಿಂದೆ ಎರಡು ಬೇರೆ ಬೇರೆ ವಿದ್ಯೆಗಳಿವೆ.

ಮೊದಲನೆಯದು ಸುಲಭದ್ದು, ಅಗ್ಗದ್ದು. ಎಡ ಬಲ ಎರಡೂ ವಾಹಿನಿಗಳನ್ನು ಕೂಡಿದರೆ ಅವುಗಳಲ್ಲಿ ಸಮಾನವಾದದ್ದು ಸಿಗುತ್ತದೆ, ಕಳೆದರೆ ವ್ಯತ್ಯಾಸ ಸಿಗುತ್ತದೆ. ಆ ವ್ಯತ್ಯಾಸವನ್ನು ದೊಡ್ಡದು ಮಾಡಿ ಮತ್ತೆ ಸೇರಿಸಿದರೆ ಧ್ವನಿ ಅಗಲವಾದಂತೆ ತೋರುತ್ತದೆ. ವಾರ್ತೆ ಓದುವವರ ಮುಂದಿರುವುದು ಒಂದೇ ಮೈಕು. ಎಡದಲ್ಲಿ 1 ಇದ್ದರೆ ಬಲದಲ್ಲೂ 1. ವ್ಯತ್ಯಾಸ ಸೊನ್ನೆ. ಸೊನ್ನೆಯನ್ನು ಎರಡರಿಂದ ಗುಣಿಸಿದರೂ ಹತ್ತರಿಂದ ಗುಣಿಸಿದರೂ ಸೊನ್ನೆಯೇ. ಒಂಟಿ ಮೈಕಿನ ಮಾತಿನಲ್ಲಿ ಹೊರತೆಗೆಯಲು ಜಾಗ ಎಂಬುದೇ ಇಲ್ಲ. ಚಿತ್ರಗೀತೆಯಲ್ಲಿ ಲೆಕ್ಕ ಬೇರೆಯಾಗುತ್ತದೆ. ಗಾಯಕರ ದನಿ ಎರಡೂ ಕಡೆ ಸಮ, ಪಿಟೀಲುಗಳು ಆಚೀಚೆ. ವ್ಯತ್ಯಾಸವನ್ನು ದುಪ್ಪಟ್ಟು ಮಾಡಿದಾಗ ಪಿಟೀಲು ಉಬ್ಬಿತು, ದನಿ ಇದ್ದಲ್ಲೇ ನಿಂತಿತು. ಒಟ್ಟು ಮಟ್ಟ ಛಾವಣಿ ಮುಟ್ಟದಿರಲೆಂದು ಫೋನು ಎಲ್ಲವನ್ನೂ ತುಸು ಇಳಿಸಿದ ಮೇಲೆ ದನಿ ಮೊದಲಿಗಿಂತಲೂ ಹಿಂದೆ ಸರಿಯಿತು. ಧಾರಾವಾಹಿಯ ಮಾತಿಗೂ ಅದರ ಹಿನ್ನೆಲೆ ಸಂಗೀತಕ್ಕೂ ನಡೆಯುವುದು ಇದೇ.

ಎರಡನೆಯದು ನಿಜವಾದ ವಿದ್ಯೆ. ಎಡಗಡೆ ಚಪ್ಪಾಳೆ ತಟ್ಟಿದರೆ ಅದು ಬಲಗಿವಿಗೆ ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲಿ ಮುಕ್ಕಾಲು ಭಾಗದಷ್ಟು ತಡವಾಗಿ ಮುಟ್ಟುತ್ತದೆ. ನಡುವೆ ತಲೆ ಅಡ್ಡವಿರುವುದರಿಂದ ಮೇಲಿನ ಕಂಪನಗಳು ಮೆತ್ತಗಾಗಿ ಬರುತ್ತವೆ. ಹೊರಕಿವಿಯ ಮಡಿಕೆಗಳು 5,000 ಹರ್ಟ್ಜ್‌ನ ಮೇಲೆ ಕೆಲವು ಕಂಪನಗಳನ್ನು ಅಳಿಸಿ ಕೆಲವನ್ನು ಎತ್ತುತ್ತವೆ, ಸದ್ದು ಮುಂದಿನದೋ ಹಿಂದಿನದೋ ಮೇಲಿನದೋ ಎಂದು ಮಿದುಳು ತೀರ್ಮಾನಿಸುವುದು ಆ ಗುರುತಿನಿಂದ. ಒಂದು ತಲೆಯ ಎರಡೂ ಕಿವಿಯೊಳಗೆ ಪುಟ್ಟ ಮೈಕುಗಳನ್ನಿಟ್ಟು, ಪ್ರತಿ ದಿಕ್ಕಿನಿಂದಲೂ ಸದ್ದು ಮಾಡಿ ಈ ಬದಲಾವಣೆಗಳನ್ನೆಲ್ಲ ಅಳೆದಿಡುತ್ತಾರೆ. ಆಮೇಲೆ ಯಾವುದೇ ಧ್ವನಿಗೆ ಆ ಅಳತೆಗಳನ್ನು ಲೇಪಿಸಿದರೆ ಇಯರ್‌ಫೋನಿನಲ್ಲೇ ಅದು ಆ ದಿಕ್ಕಿನಿಂದ ಬಂದಂತೆ ಕೇಳುತ್ತದೆ. 2012ರಲ್ಲಿ ಚಿತ್ರಮಂದಿರಗಳಿಗೆ ಬಂದ ಡಾಲ್ಬಿ ಅಟ್ಮಾಸ್‌ನಂಥ ಪದ್ಧತಿಯಲ್ಲಿ ಹೆಲಿಕಾಪ್ಟರ್ ಎಲ್ಲಿದೆ, ಮಳೆ ಎಲ್ಲಿದೆ ಎಂಬ ವಿಳಾಸವೂ ಧ್ವನಿಯ ಜೊತೆ ಬರುವುದರಿಂದ ಈ ಲೇಪನ ನಿಖರವಾಗಿರುತ್ತದೆ.

ಆದರೆ ಅಳೆದದ್ದು ಯಾರದೋ ತಲೆ, ಯಾರದೋ ಕಿವಿ. ನಮ್ಮ ಕಿವಿಯ ಮಡಿಕೆ ಬೇರೆ. ಮುಂದೆ ಕೇಳಬೇಕಾದದ್ದು ಎಷ್ಟೋ ಸಲ ತಲೆಯೊಳಗೇ ಅಥವಾ ಹಿಂದೆ ಕೇಳುತ್ತದೆ. ಸದ್ದು ತಲೆಯಿಂದ ಹೊರಗಿದೆ ಎಂದು ನಂಬಿಸಲು ತಂತ್ರಜ್ಞರು ಅದಕ್ಕೊಂದು ಕೃತಕ ಕೋಣೆಯ ಪ್ರತಿಧ್ವನಿಯನ್ನೂ ಸೇರಿಸುತ್ತಾರೆ. ಸಿನಿಮಾ ನೋಡುವಾಗ ಇದು ಹಿತವೇ. ವಾರ್ತೆಗೆ ಇದನ್ನು ಹಾಕಿದರೆ, ಆರ್.ಟಿ. ನಗರದ ಆ ಟೈಲ್ಸ್ ಹಾಲನ್ನು ಬಸ್ಸಿನಲ್ಲಿ ಕೂತವರ ಕಿವಿಯೊಳಗೆ ತಂದಂತಾಯಿತು. ಜೊತೆಗೆ ದಿಕ್ಕಿನ ಲೇಪನ ಬದಲಿಸುವ ಕಂಪನಗಳಲ್ಲಿ ಒಂದು ಭಾಗ ವ್ಯಂಜನಗಳ ಪ್ರದೇಶದ್ದೇ ಆಗಿರುವುದರಿಂದ ಸಕಾರದ ಬಣ್ಣವೂ ಕೆಡುತ್ತದೆ. ಪರೀಕ್ಷೆ ಸುಲಭ: ಒಂದು ವಾಕ್ಯ ಮುಗಿದು ಇನ್ನೊಂದು ಶುರುವಾಗುವ ನಡುವಿನ ಮೌನವನ್ನು ಕೇಳಿ. ಸ್ವಿಚ್ಚು ಆಫ್ ಇದ್ದಾಗ ಮೌನ ಥಟ್ಟನೆ ಬೀಳುತ್ತದೆ, ಆನ್ ಮಾಡಿದಾಗ ಕೊನೆಯ ಅಕ್ಷರಕ್ಕೆ ಒಂದು ಬಾಲ ಉಳಿದರೆ ಪ್ರತಿಧ್ವನಿ ಸೇರಿದೆ ಎಂದೇ.

ತಲೆ ತಿರುಗಿಸಿದರೂ ಧ್ವನಿ ಇದ್ದ ಕಡೆಯೇ ನಿಲ್ಲುವಂತೆ ಮಾಡುವ ಸೌಲಭ್ಯದಲ್ಲಿ ಇನ್ನೊಂದು ತಮಾಷೆಯಿದೆ. ಇಯರ್‌ಫೋನಿನೊಳಗಿನ ಚಲನಮಾಪಕಕ್ಕೆ ತಲೆ ತಿರುಗಿದ್ದೋ ಬಸ್ಸು ತಿರುಗಿದ್ದೋ ತಿಳಿಯುವುದಿಲ್ಲ. ಹೆಬ್ಬಾಳದ ಮೇಲ್ಸೇತುವೆಯ ಸುತ್ತಿನಲ್ಲಿ ಬಸ್ಸು ಹೊರಳಿದರೆ ವಾರ್ತೆ ಓದುವವರು ಮೆಲ್ಲಗೆ ಒಂದು ಪಕ್ಕಕ್ಕೆ ಜಾರಿ, ರಸ್ತೆ ನೇರವಾದ ಮೇಲೆ ಮರಳಿ ಮುಂದೆ ಬರುತ್ತಾರೆ. ಕೆಲವು ವ್ಯವಸ್ಥೆಗಳು ಫೋನಿನ ಚಲನೆಯನ್ನೂ ಓದಿ, ಎರಡೂ ಒಟ್ಟಿಗೆ ತಿರುಗಿದರೆ ಅದು ವಾಹನದ್ದೆಂದು ಬಿಟ್ಟುಬಿಡುತ್ತವೆ. ಮಾತಿಗೆ ಇದಾವುದೂ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಮೆನುವಿನಲ್ಲಿ ಆಫ್ ಎಂಬ ಆಯ್ಕೆ ಇದ್ದರೆ ಅದನ್ನೇ ಒತ್ತಿ.

ಮಾತಿಗೆ ಈ ವಿದ್ಯೆ ನಿಜಕ್ಕೂ ನೆರವಾಗುವ ಸಂದರ್ಭ ಒಂದಿದೆ, ಹಲವರು ಒಟ್ಟಿಗೆ ಮಾತನಾಡುವಾಗ. ಗದ್ದಲದ ಕೂಟದಲ್ಲೂ ಒಬ್ಬರ ಮಾತನ್ನೇ ಹಿಡಿದು ಕೇಳುವ ಶಕ್ತಿಯ ಬಗ್ಗೆ ಕಾಲಿನ್ ಚೆರ್ರಿ 1953ರಲ್ಲೇ ಬರೆದಿದ್ದರು. ದನಿಗಳು ಬೇರೆ ಬೇರೆ ದಿಕ್ಕಿನಿಂದ ಬಂದಾಗ ಮಿದುಳು ಅವನ್ನು ಸುಲಭವಾಗಿ ಬಿಡಿಸುತ್ತದೆ, ಒಂದೇ ಕಡೆಯಿಂದ ಬಂದಾಗ ಒಂದರ ಮೇಲೊಂದು ಬೀಳುತ್ತವೆ. ಮಾನ್ಯತಾ ಟೆಕ್ ಪಾರ್ಕಿನ ಕಚೇರಿಗೆ ಯಶವಂತಪುರದ ಮನೆಯಿಂದ ಮೀಟಿಂಗಿಗೆ ಸೇರುವವರಿಗೆ, ಕರೆಯ ಸಾಫ್ಟ್‌ವೇರ್ ಪ್ರತಿಯೊಬ್ಬರನ್ನೂ ತೆರೆಯ ಮೇಲಿನ ಅವರ ಚೌಕದ ಕಡೆಗೆ ಕೂರಿಸಿದರೆ, ಇಬ್ಬರು ಒಟ್ಟಿಗೆ ಬಾಯಿ ತೆರೆದಾಗಲೂ ಯಾರು ಏನೆಂದರು ಎಂದು ಗೊತ್ತಾಗುತ್ತದೆ. ಇದಕ್ಕೆ ಎರಡೂ ಕಿವಿಯಲ್ಲಿ ಇಯರ್‌ಫೋನ್ ಬೇಕು, ಎಡಬಲ ಅದಲುಬದಲಾಗಿರಬಾರದು. ಇನ್ನೊಂದು ತೊಡಕೂ ಉಂಟು. ಬ್ಲೂಟೂತ್ ಇಯರ್‌ಫೋನಿನ ಮೈಕು ಬಳಕೆಗೆ ಬಂದ ಕೂಡಲೇ ಬಹಳಷ್ಟು ಲ್ಯಾಪ್‌ಟಾಪುಗಳು ಕರೆಯ ಪದ್ಧತಿಗೆ ಇಳಿಯುತ್ತವೆ, ಆಗ ಬರುವುದು ಒಂದೇ ವಾಹಿನಿಯ, ಮೇಲ್ಭಾಗ ಕತ್ತರಿಸಿದ ಧ್ವನಿ. ದಿಕ್ಕುಗಳೂ ಹೋದವು, ಸಕಾರವೂ ಹೋಯಿತು. ಸೆಟ್ಟಿಂಗಿನಲ್ಲಿ ಮೈಕಿನ ಜಾಗಕ್ಕೆ ಲ್ಯಾಪ್‌ಟಾಪಿನ ಸ್ವಂತ ಮೈಕನ್ನು ಆರಿಸಿ, ಕೇಳುವುದಕ್ಕೆ ಮಾತ್ರ ಇಯರ್‌ಫೋನನ್ನು ಉಳಿಸಿಕೊಂಡರೆ ಎರಡೂ ಮರಳಿ ಬರುತ್ತವೆ.